ಮೊದಲೇ ಅಳೆದಿಟ್ಟ ನೂರು ಹಳ್ಳಿಗಳು

ಒಡಿಶಾದ ಪುರಿ ಜಿಲ್ಲೆಯ 50 ಹಳ್ಳಿಗಳಲ್ಲಿ 2010ರಲ್ಲಿ ನೂರು ಮನೆಗಳ ಪೈಕಿ ಸರಾಸರಿ ಒಂಬತ್ತರಲ್ಲಿ ಮಾತ್ರ ಶೌಚಾಲಯವಿತ್ತು. ಮರುವರ್ಷ ಅಲ್ಲಿ ಕೇಂದ್ರ ಸರ್ಕಾರದ ಸಂಪೂರ್ಣ ಸ್ವಚ್ಛತಾ ಆಂದೋಲನದ ಕೆಲಸ ನಡೆಯಿತು. ಮನೆಮನೆಗೆ ಹೋಗಿ ತಿಳಿಹೇಳಿದರು, ಸಹಾಯಧನ ಕೊಟ್ಟರು, ಗುಂಡಿ ತೋಡಿಸಿದರು. ಆಮೇಲೆ ಎಣಿಸಿದಾಗ ಶೌಚಾಲಯವಿರುವ ಮನೆಗಳ ಪ್ರಮಾಣ ಶೇ. 63ಕ್ಕೆ ಏರಿತ್ತು. ಇಷ್ಟನ್ನೇ ಬರೆದು ವರದಿ ಮುಗಿಸಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಇದೇ ಹಳ್ಳಿಗಳಲ್ಲಿ ಇನ್ನೊಂದು ಲೆಕ್ಕವನ್ನೂ ಇಟ್ಟಿದ್ದರು. ಐದು ವರ್ಷದೊಳಗಿನ ಮಕ್ಕಳಲ್ಲಿ ಹಿಂದಿನ ಏಳು ದಿನಗಳಲ್ಲಿ ಭೇದಿಯಾದವರು ಶೇ. 8.8. ಆಂದೋಲನದ ಕೆಲಸ ನಡೆಯದ ಬೇರೆ 50 ಹಳ್ಳಿಗಳಲ್ಲಿ ಅದು ಶೇ. 9.1. ಎರಡೂ ಹೆಚ್ಚುಕಡಿಮೆ ಒಂದೇ. ಶೌಚಾಲಯಗಳೇನೋ ಬಂದವು, ಮಕ್ಕಳ ಭೇದಿ ಮಾತ್ರ ಕಡಿಮೆಯಾಗಲಿಲ್ಲ.

ಥಾಮಸ್ ಕ್ಲಾಸನ್ ಮತ್ತು ಸಂಗಡಿಗರು ನಡೆಸಿದ ಈ ಅಧ್ಯಯನ 2014ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾದಾಗ ಬಹಳ ಚರ್ಚೆಗೆ ಕಾರಣವಾಯಿತು. ಚರ್ಚೆಯಲ್ಲಿ ಎಲ್ಲರ ಕಣ್ಣೂ ಕೊನೆಯ ಅಂಕಿಗಳ ಮೇಲಿತ್ತು. ಆ ಅಂಕಿಗಳಿಗೆ ಅರ್ಥ ಬಂದದ್ದು ಮಾತ್ರ ಒಂದು ಗುಂಡಿಯನ್ನೂ ತೋಡುವ ಮೊದಲೇ ನಡೆದ ಕೆಲಸದಿಂದ. ಅದಕ್ಕೆ ಬೇಸ್‌ಲೈನ್ ಸಮೀಕ್ಷೆ ಎನ್ನುತ್ತಾರೆ. ಜಲಾನಯನ ಯೋಜನೆಯಿರಲಿ, ಅಂಗನವಾಡಿ ಯೋಜನೆಯಿರಲಿ, ಕೆಲಸ ಶುರುವಾಗುವ ಮೊದಲು ಊರು ಹೇಗಿತ್ತು ಎಂದು ಅಳೆದು ಬರೆದಿಡುವ ಸಮೀಕ್ಷೆ ಅದು. ಬಹಳಷ್ಟು ಕಡೆ ಈ ವರದಿ ಊರಿನ ಪರಿಚಯ ಪುಸ್ತಕದಂತಿರುತ್ತದೆ: ಜನಸಂಖ್ಯೆ ಇಷ್ಟು, ಜಾತಿವಾರು ಇಷ್ಟು, ಹಂಚಿನ ಮನೆ ಇಷ್ಟು, ಜೊತೆಗೆ ಒಂದಿಷ್ಟು ಬಣ್ಣದ ಚಿತ್ರಗಳು. ಆದರೆ ಅದರ ನಿಜವಾದ ಓದುಗ ಈಗಿನ ಅಧಿಕಾರಿಯಲ್ಲ, ಮೂರು ವರ್ಷ ಕಳೆದ ಮೇಲೆ ಅದೇ ಊರಿಗೆ ಅಳೆಯಲು ಬರುವವನು. ಅವನಿಗೆ ಉಪಯೋಗಕ್ಕೆ ಬರುವಂತೆ ಬರೆದಿದ್ದಾರೆಯೇ ಎಂಬುದೇ ವರದಿಯ ಪರೀಕ್ಷೆ.

ಯಾರನ್ನು ಕೇಳುವುದು

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತೇವೆ. ಸಮೀಕ್ಷೆಯಲ್ಲಿ ಮಾದರಿ ಆರಿಸುವುದರ ಹಿಂದಿರುವ ನಂಬಿಕೆಯೂ ಇದೇ. ಒಂದು ಪಾತ್ರೆಯ ಅಕ್ಕಿಗೆಲ್ಲ ಒಂದೇ ಬೆಂಕಿ, ಹಾಗಾಗಿ ಅಲ್ಲಿ ಅದು ನಿಜ. ಊರುಗಳು ಹಾಗಲ್ಲ. ಒಂದೊಂದು ಊರಿನ ನೀರು ಬೇರೆ, ನೆಲ ಬೇರೆ, ಪಂಚಾಯಿತಿ ಬೇರೆ, ಮಾತು ಕೇಳುವ ಮುಖಂಡರು ಬೇರೆ. ಒಂದು ಊರಿನೊಳಗಿನ ಮನೆಗಳು ಮಾತ್ರ ಒಂದನ್ನೊಂದು ಹೋಲುತ್ತವೆ.

ಪುರಿಯ ಅಧ್ಯಯನದಲ್ಲಿ 100 ಹಳ್ಳಿಗಳ 9,480 ಮನೆಗಳಿದ್ದವು, ಸುಮಾರು 51 ಸಾವಿರ ಜನ. ಅಷ್ಟೇ ಮನೆಗಳು ಬೇಕಿದ್ದರೆ ಎರಡು ದೊಡ್ಡ ಊರು ಹಿಡಿದು ಒಂದರಲ್ಲಿ ಶೌಚಾಲಯ ಕಟ್ಟಿಸಿ, ಇನ್ನೊಂದನ್ನು ಹಾಗೇ ಬಿಟ್ಟು ಹೋಲಿಸಬಹುದಿತ್ತಲ್ಲ, ಓಡಾಟವೂ ಖರ್ಚೂ ಎಷ್ಟೋ ಉಳಿಯುತ್ತಿತ್ತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗೆ ಮಾಡಿದ್ದರೆ ಮನೆಗಳ ಸಂಖ್ಯೆ ಎಷ್ಟೇ ದೊಡ್ಡದಾದರೂ ಹೋಲಿಕೆ ನಿಂತಿರುತ್ತಿದ್ದದ್ದು ಎರಡೇ ಊರುಗಳ ಮೇಲೆ. ಎರಡನೇ ಊರಿನಲ್ಲಿ ಆ ವರ್ಷ ಕೊಳವೆಬಾವಿ ಕೆಟ್ಟು ಕೆರೆ ನೀರು ಕುಡಿದಿದ್ದರೆ ಭೇದಿಯ ಲೆಕ್ಕವೆಲ್ಲ ತಲೆಕೆಳಗು. ಐವತ್ತು ಐವತ್ತು ಊರುಗಳಿದ್ದಾಗ ಇಂಥ ಏರುಪೇರು ಎರಡೂ ಕಡೆ ಹಂಚಿಹೋಗುತ್ತದೆ.

ಇದನ್ನು ಲೆಕ್ಕಕ್ಕೆ ಇಳಿಸಲು ಒಂದು ಸಣ್ಣ ಸೂತ್ರವಿದೆ: `1 + (m − 1) × ρ`. ಇಲ್ಲಿ m ಎಂದರೆ ಒಂದು ಊರಿನಲ್ಲಿ ಭೇಟಿ ಮಾಡುವ ಮನೆಗಳು. ρ ಎಂದರೆ ಒಂದೇ ಊರಿನ ಮನೆಗಳು ಎಷ್ಟರ ಮಟ್ಟಿಗೆ ಒಂದೇ ಥರ ಇವೆ ಎಂಬುದರ ಅಳತೆ. ಸೊನ್ನೆಯಾದರೆ ಹೋಲಿಕೆಯೇ ಇಲ್ಲ, ಒಂದಾದರೆ ಎಲ್ಲ ಮನೆಗಳೂ ತದ್ರೂಪ. ಒಂದು ಉದಾಹರಣೆ ಲೆಕ್ಕ ಹಾಕೋಣ. ಶೌಚಾಲಯವಿರುವ ಮನೆಗಳ ಪ್ರಮಾಣವನ್ನು ಶೇ. 5ರಷ್ಟು ಆಚೀಚೆಯೊಳಗೆ ಹೇಳಬೇಕು. ಜಿಲ್ಲೆಯ ಎಲ್ಲ ಮನೆಗಳ ಹೆಸರು ಡಬ್ಬಿಗೆ ಹಾಕಿ ಚೀಟಿ ಎತ್ತುವಂತಿದ್ದರೆ 385 ಮನೆ ಸಾಕು. ಹಾಗೆ ಎತ್ತಿದರೆ 385 ಮನೆ 385 ಊರುಗಳಲ್ಲಿ ಚದುರುತ್ತವೆ, ಜೀಪಿನ ಡೀಸೆಲ್‌ಗೇ ದುಡ್ಡು ಸಾಲದು. ಅದಕ್ಕೇ ಊರಿಗೆ 20 ಮನೆಯಂತೆ ಹೋಗುತ್ತಾರೆ. ρ 0.05 ಎಂದಿಟ್ಟುಕೊಂಡರೆ ಸೂತ್ರದ ಉತ್ತರ 1.95. ಅಂದರೆ 385ರ ಜಾಗದಲ್ಲಿ ಸುಮಾರು 750 ಮನೆ, ಊರಿಗೆ 20ರಂತೆ 38 ಊರು ಬೇಕು. ಬೇಸ್‌ಲೈನ್ ವರದಿಯಲ್ಲಿ '400 ಮನೆಗಳನ್ನು ಸಮೀಕ್ಷೆ ಮಾಡಲಾಗಿದೆ' ಎಂದಷ್ಟೇ ಇದ್ದು, ಅವು ಎಷ್ಟು ಊರುಗಳಿಂದ ಬಂದವು ಎಂದು ಇಲ್ಲದಿದ್ದರೆ ಆ 400ಕ್ಕೆ ತೂಕ ಎಷ್ಟು ಎಂದು ಹೇಳಲಾಗದು.

ಊರು ಆರಿಸಿದ ಮೇಲೆ ಊರೊಳಗೆ ಮನೆ ಆರಿಸಬೇಕು. ಸಮೀಕ್ಷೆ ಕೆಡುವುದು ಹೆಚ್ಚಾಗಿ ಇಲ್ಲೇ. ಗಣತಿದಾರರು ಬಸ್ ಇಳಿದ ಜಾಗದಿಂದ, ಇಲ್ಲವೇ ಪಂಚಾಯಿತಿ ಕಚೇರಿಯ ಬೀದಿಯಿಂದ ಶುರು ಮಾಡಿದರೆ ಇಪ್ಪತ್ತು ಮನೆ ಮುಗಿಯುವುದರೊಳಗೆ ಊರ ನಡುವಿನ ಗಟ್ಟಿ ಮನೆಗಳೇ ಸಿಕ್ಕಿರುತ್ತವೆ. ಕೊನೆಯ ಕೇರಿ, ತೋಟದ ಮನೆ, ಹಳ್ಳದಾಚೆಯ ಹಾಡಿ ಯಾವುದೂ ಬರುವುದಿಲ್ಲ. ಅದಕ್ಕೆ ಮೊದಲು ಊರ ನಕ್ಷೆ ಬರೆದು ಎಲ್ಲ ಮನೆಗಳಿಗೂ ಕ್ರಮಸಂಖ್ಯೆ ಕೊಡುತ್ತಾರೆ. 180 ಮನೆ ಇದ್ದು 20 ಬೇಕಾದರೆ ಅಂತರ 9. ಒಂದರಿಂದ ಒಂಬತ್ತರೊಳಗೆ ಒಂದು ಸಂಖ್ಯೆಯನ್ನು ಚೀಟಿಯಿಂದ ಎತ್ತುತ್ತಾರೆ. 4 ಬಂತು ಎನ್ನಿ. ಆಗ 4, 13, 22, 31 ಹೀಗೆ ಕೊನೆಯ ಕೇರಿಯವರೆಗೂ ಎಣಿಕೆ ಸಾಗುತ್ತದೆ. 13ನೇ ಮನೆಗೆ ಬೀಗ ಹಾಕಿದ್ದರೆ 14ಕ್ಕೆ ಹೋಗುವಂತಿಲ್ಲ. ಸಂಜೆ ಒಮ್ಮೆ, ಮರುದಿನ ಒಮ್ಮೆ ಬಂದು ನೋಡಿ, ಆಗಲೂ ಸಿಗದಿದ್ದರೆ 'ಸಿಗಲಿಲ್ಲ' ಎಂದು ಬರೆಯಬೇಕು. ಹಗಲು ಬೀಗ ಬಿದ್ದಿರುವುದು ಹೆಚ್ಚಾಗಿ ಕೂಲಿಗೆ ಹೋದವರ ಮನೆಗೆ. ಅವರ ಜಾಗದಲ್ಲಿ ಜಗಲಿ ಮೇಲೆ ಕೂತ ಪಕ್ಕದ ಮನೆಯವರನ್ನು ಸೇರಿಸಿಕೊಂಡರೆ, ಕಾಗದದ ಮೇಲೆ ಊರು ಇದ್ದದ್ದಕ್ಕಿಂತ ಅನುಕೂಲಸ್ಥವಾಗಿ ಕಾಣುತ್ತದೆ.

ಪುರಿಯಲ್ಲಿ ಇದಕ್ಕೆ ಇನ್ನೊಂದು ಹೆಜ್ಜೆ ಸೇರಿತ್ತು. ಶೌಚಾಲಯ ತೀರಾ ಕಡಿಮೆಯಿದ್ದ ಹಳ್ಳಿಗಳ ಪಟ್ಟಿ ಮಾಡಿ, ಅದರಲ್ಲಿ 100 ಆರಿಸಿ, ಯಾವ ಐವತ್ತಕ್ಕೆ ಈಗ ಯೋಜನೆ, ಯಾವ ಐವತ್ತಕ್ಕೆ ಇಲ್ಲ ಎಂಬುದನ್ನು ಚೀಟಿ ಎತ್ತುವ ರೀತಿಯಲ್ಲೇ ತೀರ್ಮಾನಿಸಿದರು. ಅಧಿಕಾರಿಗಳ ಇಷ್ಟಕ್ಕೆ ಬಿಟ್ಟಿದ್ದರೆ ರಸ್ತೆಯಿರುವ, ಚುರುಕಾದ ಸದಸ್ಯರಿರುವ ಹಳ್ಳಿಗಳೇ ಮೊದಲು ಸೇರುತ್ತಿದ್ದವು. ಆಮೇಲೆ ಕಾಣುವ ವ್ಯತ್ಯಾಸ ಯೋಜನೆಯದೋ ರಸ್ತೆಯದೋ ಹೇಳಲಾಗುತ್ತಿರಲಿಲ್ಲ.

ಏನನ್ನು ಅಳೆಯುವುದು

ಯೋಜನೆಯ ಗುರಿಯನ್ನು ಎಣಿಸಬಹುದಾದ ರೂಪಕ್ಕೆ ತಂದಾಗ ಅದು ಸೂಚಕವಾಗುತ್ತದೆ. ಶೌಚಾಲಯ ಯೋಜನೆಗೆ ಸೂಚಕ ಯಾವುದು ಎಂದು ಕೇಳಿದರೆ 'ಶೌಚಾಲಯ ಇರುವ ಮನೆಗಳು' ಎಂಬ ಉತ್ತರ ಥಟ್ಟನೆ ಬರುತ್ತದೆ. ಆದರೆ ಕಟ್ಟಿದ್ದಕ್ಕೂ ಮಗು ಆರೋಗ್ಯವಾಗಿರುವುದಕ್ಕೂ ನಡುವೆ ಮೆಟ್ಟಿಲುಗಳಿವೆ. ಮನೆಗೆ ಶೌಚಾಲಯ ಬರಬೇಕು. ಅದು ಬಳಸುವ ಸ್ಥಿತಿಯಲ್ಲಿರಬೇಕು. ಮನೆಮಂದಿ ಅದನ್ನು ಬಳಸಬೇಕು, ಎಲ್ಲರೂ, ದಿನವೂ. ಆಗ ಮಾತ್ರ ಮಕ್ಕಳ ಹೊಟ್ಟೆಗೆ ಸೋಂಕು ಹೋಗುವುದು ತಗ್ಗಬಹುದು. ಪ್ರತಿ ಮೆಟ್ಟಿಲಿಗೂ ಒಂದೊಂದು ಸೂಚಕ ಬೇಕು. ಮೊದಲ ಮೆಟ್ಟಿಲನ್ನಷ್ಟೇ ಅಳೆದರೆ ಯೋಜನೆ ಗೆದ್ದಿತೆಂದು ತಿಳಿಯುತ್ತೇವೆ. ಕೊನೆಯದನ್ನಷ್ಟೇ ಅಳೆದರೆ ಸೋತಿತೆಂದು ತಿಳಿಯುತ್ತದೆ, ಎಲ್ಲಿ ಸೋತಿತೆಂದು ತಿಳಿಯುವುದಿಲ್ಲ.

ಇದೇ ಪುರಿ ಜಿಲ್ಲೆಯಲ್ಲಿ ಆಂದೋಲನ ಕೆಲ ವರ್ಷ ಮೊದಲೇ ನಡೆದಿದ್ದ ಬೇರೆ 20 ಹಳ್ಳಿಗಳನ್ನು ನೋಡಿದ ಇನ್ನೊಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅಲ್ಲಿ ಶೇ. 72 ಮನೆಗಳಲ್ಲಿ ಶೌಚಾಲಯವಿತ್ತು. ಆದರೆ ಶೌಚಾಲಯವಿದ್ದ ಮನೆಗಳಲ್ಲೇ ಶೇ. 39ರಲ್ಲಿ ಮನೆಯ ಒಬ್ಬರೂ ಅದನ್ನು ಬಳಸುತ್ತಿರಲಿಲ್ಲ. ಇಲ್ಲಿ ಶೇಕಡಾವಾರು ಯಾವುದರ ಮೇಲೆ ಎಂದು ಗಮನಿಸಬೇಕು. 39 ಎಂಬುದು ಎಲ್ಲ ಮನೆಗಳ ಲೆಕ್ಕವಲ್ಲ, 72ರ ಒಳಗಿನ ಲೆಕ್ಕ. ಹಾಗಾಗಿ ನೂರು ಮನೆಗಳ ಊರಿನಲ್ಲಿ ಒಬ್ಬರಾದರೂ ಶೌಚಾಲಯ ಬಳಸುವ ಮನೆಗಳು ಸುಮಾರು 44 ಮಾತ್ರ. 72 ಮತ್ತು 44 ಎರಡೂ ಸತ್ಯ. ಬೇಸ್‌ಲೈನ್ ವರದಿಯಲ್ಲಿ ಯಾವುದನ್ನು ಸೂಚಕವೆಂದು ಬರೆದಿದ್ದರೋ ಅದರ ಮೇಲೆ ಕೊನೆಯ ತೀರ್ಪು ನಿಲ್ಲುತ್ತದೆ.

ಬಳಕೆಯನ್ನು ಅಳೆಯುವುದು ಹೇಗೆ? ಕೇಳುವ ಮಾತಿನಲ್ಲೇ ಉತ್ತರ ಬದಲಾಗುತ್ತದೆ. ಗಣತಿದಾರಳು ಹೊಸ್ತಿಲಲ್ಲಿ ನಿಂತು, "ಅಮ್ಮಾ, ನಿಮ್ಮ ಮನೇಲಿ ಎಲ್ಲರೂ ಶೌಚಾಲಯಕ್ಕೇ ಹೋಗ್ತೀರಾ?" ಎಂದು ಕೇಳಿದರೆ, "ಹೌದವ್ವ, ಎಲ್ಲರೂ ಅಲ್ಲಿಗೇ" ಎಂಬ ಉತ್ತರ ಬಂದುಬಿಡುತ್ತದೆ. ಸರ್ಕಾರದ ದುಡ್ಡಿನಲ್ಲಿ ಕಟ್ಟಿದ್ದು, ಇಲ್ಲ ಎಂದರೆ ಏನಾಗುತ್ತದೋ ಎಂಬ ಅಳುಕು ಬೇರೆ. ಅದನ್ನೇ ಮನೆಮಂದಿಯ ಹೆಸರು ಬರೆದುಕೊಂಡು ಒಬ್ಬೊಬ್ಬರ ಬಗ್ಗೆ ಕೇಳಬೇಕು. "ಕೆಲವರು ಶೌಚಾಲಯಕ್ಕೆ ಹೋಗ್ತಾರೆ, ಕೆಲವರು ಬಯಲಿಗೆ ಹೋಗ್ತಾರೆ. ನಿಮ್ಮತ್ತೆ ನಿನ್ನೆ ಎಲ್ಲಿಗೆ ಹೋಗಿದ್ರು?" ಆಗ, "ಅವರಿಗೆ ಒಳಗೆ ಆಗಲ್ಲವ್ವ, ಕೆರೆ ಕಡೆಗೇ" ಎಂಬ ಮಾತು ಹೊರಗೆ ಬರುತ್ತದೆ. ಆಮೇಲೆ, "ನಿಮ್ಮ ಯಜಮಾನ್ರು?" ಎಂದರೆ, "ಹೊಲಕ್ಕೆ ಹೋದಾಗ ಅಲ್ಲೇ ಮುಗಿಸ್ತಾರೆ." ಭಾರತದ ಹಳ್ಳಿಗಳಲ್ಲಿ ಈ ಎರಡು ಬಗೆಯ ಪ್ರಶ್ನೆಗಳನ್ನು ಚೀಟಿ ಎತ್ತಿದಂತೆ ಹಂಚಿ ಕೇಳಿ ನೋಡಿದ ಪ್ರಯೋಗವೊಂದು 2019ರಲ್ಲಿ ಪ್ರಕಟವಾಗಿದೆ. ಒಬ್ಬೊಬ್ಬರ ಬಗ್ಗೆ ಕೇಳಿದಾಗ ಬಯಲಿಗೆ ಹೋಗುವವರ ಪ್ರಮಾಣ ಸುಮಾರು 20 ಶೇಕಡಾ ಅಂಶಗಳಷ್ಟು ಹೆಚ್ಚು ಕಂಡಿತು. ಹಾಗಾದರೆ ಬೇಸ್‌ಲೈನ್‌ನಲ್ಲಿ ಒಬ್ಬೊಬ್ಬರ ಬಗ್ಗೆ ಕೇಳಿ, ಮೂರು ವರ್ಷದ ಮೇಲೆ ಮನೆಗೊಂದೇ ಪ್ರಶ್ನೆ ಕೇಳಿದರೆ ಸಾಕು, ಊರಿನಲ್ಲಿ ಏನೂ ಬದಲಾಗದೆ ಇಪ್ಪತ್ತರಷ್ಟು 'ಪ್ರಗತಿ' ಹುಟ್ಟುತ್ತದೆ. ಅದಕ್ಕೇ ಒಳ್ಳೆಯ ವರದಿಯ ಕೊನೆಯಲ್ಲಿ ಪ್ರಶ್ನಾವಳಿಯನ್ನು ಕೇಳಿದ ಭಾಷೆಯಲ್ಲೇ, ಅಕ್ಷರಶಃ ಅಚ್ಚು ಹಾಕಿರುತ್ತಾರೆ.

ಬಾಯಿಮಾತಿನ ಜೊತೆಗೆ ಕಣ್ಣಿನ ಸಾಕ್ಷಿಯನ್ನೂ ಸೇರಿಸುವುದು ರೂಢಿ. ಶೌಚಾಲಯದ ಬಾಗಿಲು ತೆಗೆಸಿ ನೋಡುತ್ತಾರೆ. ಬೇಸಿನ್ ಒಡೆದಿದೆಯೇ, ಪೈಪು ಗುಂಡಿಗೆ ಸೇರಿದೆಯೇ, ಒಳಗೆ ಸೌದೆ ಬೆರಣಿ ಪೇರಿಸಿದ್ದಾರೆಯೇ, ನೆಲ ಒದ್ದೆಯಾಗಿದೆಯೇ, ಬಾಗಿಲವರೆಗೆ ಕಾಲುದಾರಿ ಸವೆದಿದೆಯೇ. ಅಂಚಿನಲ್ಲಿ ಜೇಡರ ಬಲೆ ಇದ್ದರೆ 'ದಿನಾ ಬಳಸ್ತೀವಿ' ಎಂಬ ಉತ್ತರದ ಪಕ್ಕ ಒಂದು ಗುರುತು ಬೀಳುತ್ತದೆ.

ಭೇದಿಯ ಲೆಕ್ಕಕ್ಕೂ ಇಂಥದೇ ಕರಾರುವಾಕ್ಕು ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 24 ಗಂಟೆಯಲ್ಲಿ ಮೂರು ಅಥವಾ ಹೆಚ್ಚು ಸಲ ನೀರಾಗಿ ಹೋದರೆ ಅದು ಭೇದಿ. ಪುರಿಯಲ್ಲಿ ಹಿಂದಿನ ಏಳು ದಿನಗಳ ಬಗ್ಗೆ ಕೇಳಿದರು. ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೇಳುವುದು ಹಿಂದಿನ ಎರಡು ವಾರಗಳ ಬಗ್ಗೆ. ಎರಡು ವಾರದಲ್ಲಿ ಒಮ್ಮೆಯಾದರೂ ಭೇದಿಯಾದ ಮಕ್ಕಳು ಒಂದು ವಾರದಲ್ಲಿ ಆದವರಿಗಿಂತ ಹೆಚ್ಚಿರುವುದು ಸಹಜ. ಹಾಗಾಗಿ ಇವೆರಡನ್ನೂ ಪಕ್ಕ ಪಕ್ಕ ಇಟ್ಟು 'ನಮ್ಮ ಯೋಜನೆಯ ಊರಿನಲ್ಲಿ ರಾಜ್ಯಕ್ಕಿಂತ ಭೇದಿ ಕಡಿಮೆ' ಎನ್ನುವಂತಿಲ್ಲ.

ವರದಿಯ ಅಂಕಿಗಳನ್ನು ಓದುವುದು

ಬೇಸ್‌ಲೈನ್ ವರದಿಯ ನಡುಭಾಗ ಕೋಷ್ಟಕಗಳದು. ಸಾಮಾನ್ಯ ಓದುಗರು ಅದರಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಎರಡೇ ಸಾಲು.

ಒಂದು, ಉತ್ತರ ಸಿಗದವರ ಸಾಲು. ಎಷ್ಟು ಮನೆ ಸಿಗಲಿಲ್ಲ, ಎಷ್ಟು ಜನ ಮಾತಾಡಲು ಒಪ್ಪಲಿಲ್ಲ, ಎಷ್ಟು ಪ್ರಶ್ನೆಗೆ 'ಗೊತ್ತಿಲ್ಲ' ಎಂದರು. ಈ ಸಾಲೇ ಇಲ್ಲದ ವರದಿ, ಅಥವಾ ಎಲ್ಲದಕ್ಕೂ ನೂರಕ್ಕೆ ನೂರು ಉತ್ತರ ಬಂದಿದೆ ಎನ್ನುವ ವರದಿ ಅನುಮಾನಕ್ಕೆ ಎಡೆಮಾಡುತ್ತದೆ. ಹಳ್ಳಿಯಲ್ಲಿ ಬೀಗ ಹಾಕಿದ ಮನೆ ಇಲ್ಲದೇ ಇರುವುದಿಲ್ಲ. ಹುಷಾರಾದ ಮೇಲ್ವಿಚಾರಕರು ಇನ್ನೊಂದನ್ನೂ ನೋಡುತ್ತಾರೆ: ಒಬ್ಬ ಗಣತಿದಾರ ತಂದ ಹಾಳೆಗಳಲ್ಲಿ ಮಕ್ಕಳೆಲ್ಲರ ವಯಸ್ಸು 12, 24, 36 ತಿಂಗಳೇ ಆಗಿದ್ದರೆ ಅವನು ಹುಟ್ಟಿದ ದಿನಾಂಕ ಕೇಳಿಲ್ಲ, ತಾಯಿ ಹೇಳಿದ ವರ್ಷವನ್ನೇ ಹನ್ನೆರಡರಿಂದ ಗುಣಿಸಿದ್ದಾನೆ. ಆ ಮಕ್ಕಳ ವಯಸ್ಸಿಗೆ ತಕ್ಕ ತೂಕ, ಎತ್ತರದ ಲೆಕ್ಕವೂ ಕೆಟ್ಟಿತು ಎಂದೇ ಅರ್ಥ.

ಎರಡನೆಯದು, ಎರಡು ಗುಂಪುಗಳನ್ನು ಪಕ್ಕಪಕ್ಕ ಇಟ್ಟ ಕೋಷ್ಟಕ. ಯೋಜನೆ ಬರಲಿರುವ ಹಳ್ಳಿಗಳು ಮತ್ತು ಹೋಲಿಕೆಗೆಂದು ಇಟ್ಟುಕೊಂಡ ಹಳ್ಳಿಗಳು ಶುರುವಿನಲ್ಲಿ ಒಂದೇ ಥರ ಇದ್ದವೇ ಎಂಬುದಕ್ಕೆ ಅದು ಪುರಾವೆ. ಪುರಿಯಲ್ಲಿ ಯೋಜನೆಯ ಹಳ್ಳಿಗಳಲ್ಲಿ ಶೌಚಾಲಯ ಶೇ. 9 ಇದ್ದರೆ ಹೋಲಿಕೆಯ ಹಳ್ಳಿಗಳಲ್ಲಿ ಶೇ. 8. ಇಷ್ಟು ಹತ್ತಿರವಿದ್ದರೆ ಮುಂದಿನ ಹೋಲಿಕೆಗೆ ನೆಲ ಸಮತಟ್ಟಾಗಿದೆ ಎನ್ನಬಹುದು. ಶುರುವಿನಲ್ಲೇ ಒಂದು ಕಡೆ 9, ಇನ್ನೊಂದು ಕಡೆ 30 ಇದ್ದಿದ್ದರೆ, ಆ ಊರುಗಳು ಬೇರೆ ದಾರಿಯಲ್ಲೇ ನಡೆಯುತ್ತಿವೆ ಎಂದು ವರದಿಯೇ ಎಚ್ಚರಿಸಬೇಕಿತ್ತು.

ಮುಂದೆ ಹೋಲಿಸುವುದು ಹೇಗೆ

ಈಗ ಕೊನೆಯ ಲೆಕ್ಕಕ್ಕೆ ಬರೋಣ. ಯೋಜನೆಯ ಹಳ್ಳಿಗಳಲ್ಲಿ 9 ಇದ್ದದ್ದು 63 ಆಯಿತು, ಏರಿಕೆ 54 ಅಂಶ. ಹೋಲಿಕೆಯ ಹಳ್ಳಿಗಳಲ್ಲಿ 8 ಇದ್ದದ್ದು 12 ಆಯಿತು, ಏರಿಕೆ 4 ಅಂಶ. ಯಾರೂ ಬಂದು ಹೇಳದೆಯೂ ಜನ ತಾವಾಗಿ ಅಷ್ಟು ಕಟ್ಟಿಸಿಕೊಳ್ಳುತ್ತಿದ್ದರು ಎಂಬುದಕ್ಕೆ ಆ 4 ಸಾಕ್ಷಿ. ಅದನ್ನು 54ರಿಂದ ಕಳೆದರೆ 50 ಉಳಿಯುತ್ತದೆ. ಯೋಜನೆಯ ಪಾಲಿಗೆ ಬರೆಯಬಹುದಾದದ್ದು ಈ 50 ಅಂಶ. ವ್ಯತ್ಯಾಸಗಳ ವ್ಯತ್ಯಾಸ ತೆಗೆಯುವ ಈ ವಿಧಾನಕ್ಕೆ ನಾಲ್ಕು ಅಂಕಿ ಬೇಕು. ಅದರಲ್ಲಿ ಎರಡನ್ನು ಬೇಸ್‌ಲೈನ್ ಮಾತ್ರ ಕೊಡಬಲ್ಲದು, ತಡವಾಗಿ ಬಂದವರು ಹಿಂದಕ್ಕೆ ಹೋಗಿ ಅಳೆಯಲಾರರು.

ಇಲ್ಲಿ ಕಳೆಯಬೇಕಾದದ್ದು 4 ಮಾತ್ರವಾದ್ದರಿಂದ ಹೋಲಿಕೆಯ ಹಳ್ಳಿಗಳು ಇಲ್ಲದಿದ್ದರೂ ನಡೆಯುತ್ತಿತ್ತಲ್ಲ ಎನ್ನಿಸಬಹುದು. ಭೇದಿಯ ವಿಷಯದಲ್ಲಿ ಹಾಗಲ್ಲ. ಭೇದಿ ಮಳೆಗಾಲದಲ್ಲಿ ಒಂದು ಥರ, ಚಳಿಗಾಲದಲ್ಲಿ ಇನ್ನೊಂದು ಥರ. ಬೇಸ್‌ಲೈನನ್ನು ಆಗಸ್ಟಿನಲ್ಲಿ ಮಾಡಿ ಕೊನೆಯ ಸಮೀಕ್ಷೆಯನ್ನು ಜನವರಿಯಲ್ಲಿ ಮಾಡಿದರೆ ಏನೂ ಮಾಡದ ಊರಿನಲ್ಲೂ ಅಂಕಿ ಬದಲಾಗುತ್ತದೆ. ಒಂದು ವರ್ಷ ಮಳೆ ಜಾಸ್ತಿ, ಇನ್ನೊಂದು ವರ್ಷ ಕಡಿಮೆ. ಗಣತಿದಾರರು ಮತ್ತೆ ಮತ್ತೆ ಮನೆಗೆ ಬಂದು ಅದನ್ನೇ ಕೇಳಿದರೆ ತಾಯಂದಿರು ಬೇಸತ್ತು 'ಏನೂ ಇಲ್ಲ' ಎಂದುಬಿಡುವುದೂ ಉಂಟು. ಇವೆಲ್ಲ ಎರಡೂ ಗುಂಪಿನ ಹಳ್ಳಿಗಳಿಗೆ ಸಮನಾಗಿ ತಟ್ಟುತ್ತವೆ. ಆದ್ದರಿಂದ ಒಂದೇ ಅವಧಿಯಲ್ಲಿ ಎರಡೂ ಕಡೆ ಅಳೆದಾಗ 8.8 ಮತ್ತು 9.1 ಎಂಬ ಅಂಕಿ ಮಾತಾಡುತ್ತದೆ. ಯೋಜನೆಯ ಹಳ್ಳಿಗಳನ್ನಷ್ಟೇ ನೋಡಿದ್ದರೆ ಹವೆಯಿಂದಾದ ಇಳಿಕೆಯನ್ನೂ ಶೌಚಾಲಯದ ಖಾತೆಗೆ ಬರೆಯಬಹುದಿತ್ತು.

ಹಾಗೆ ಬರೆದುಕೊಂಡು ಪೇಚಿಗೆ ಸಿಕ್ಕ ಪ್ರಸಂಗ ಇದೆ. ಆಫ್ರಿಕಾದ ಹಲವು ದೇಶಗಳಲ್ಲಿ ನಡೆದ ಮಿಲೇನಿಯಮ್ ವಿಲೇಜಸ್ ಯೋಜನೆ ಚೀಟಿ ಎತ್ತಿ ಹೋಲಿಕೆಯ ಹಳ್ಳಿಗಳನ್ನು ಇಟ್ಟುಕೊಂಡಿರಲಿಲ್ಲ. 2010ರಲ್ಲಿ ಮೈಕೆಲ್ ಕ್ಲೆಮೆನ್ಸ್ ಮತ್ತು ಗೇಬ್ರಿಯಲ್ ಡೆಮೊಂಬೀನ್ಸ್ ಎಂಬ ಅರ್ಥಶಾಸ್ತ್ರಜ್ಞರು ಒಂದು ಸರಳ ಲೆಕ್ಕ ಮುಂದಿಟ್ಟರು. ಯೋಜನೆಯ ಕೆನ್ಯಾದ ಹಳ್ಳಿಯಲ್ಲಿ ಮೊಬೈಲ್ ಇರುವ ಮನೆಗಳು ಕೆಲವೇ ವರ್ಷಗಳಲ್ಲಿ ಹಲವು ಪಟ್ಟು ಹೆಚ್ಚಿದ್ದವು. ಆದರೆ ಯೋಜನೆಯೇ ಇಲ್ಲದ ಸುತ್ತಲಿನ ಪ್ರಾಂತ್ಯದಲ್ಲೂ ಅದೇ ಥರ ಹೆಚ್ಚಿದ್ದವು. ಮುಂದೆ 2012ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಲೇಖನವೊಂದು ಯೋಜನೆಯ ಹಳ್ಳಿಗಳಲ್ಲಿ ಮಕ್ಕಳ ಸಾವು ಆಯಾ ದೇಶದ ಸರಾಸರಿಗಿಂತ ಮೂರು ಪಟ್ಟು ವೇಗವಾಗಿ ಇಳಿಯುತ್ತಿದೆ ಎಂದಿತು. ಹಳ್ಳಿಗಳ ಇತ್ತೀಚಿನ ವರ್ಷಗಳನ್ನು ದೇಶದ ಹಳೆಯ, ಉದ್ದದ ಅವಧಿಯ ಜೊತೆ ಹೋಲಿಸಲಾಗಿದೆ ಎಂದು ವಿಮರ್ಶಕರು ತೋರಿಸಿದರು. ಲೇಖಕರು ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಹೋಲಿಕೆ ಯಾರೊಡನೆ, ಯಾವ ಅವಧಿಗೆ ಎಂಬುದು ಮೊದಲೇ ಬರೆದಿರದಿದ್ದರೆ ಕೊನೆಯಲ್ಲಿ ಅನುಕೂಲವಾದ ಹೋಲಿಕೆ ಎಲ್ಲಾದರೂ ಸಿಕ್ಕೇ ಸಿಗುತ್ತದೆ.

ಅದಕ್ಕಾಗಿ ಒಳ್ಳೆಯ ಬೇಸ್‌ಲೈನ್ ವರದಿಯ ಕೊನೆಯ ಅಧ್ಯಾಯ ಮುಂದಿನ ಸಮೀಕ್ಷೆಯ ಕರಾರುಪತ್ರದಂತಿರುತ್ತದೆ. ಯಾವ ತಿಂಗಳಲ್ಲಿ ಮತ್ತೆ ಬರುತ್ತೇವೆ, ಯಾವ ಪ್ರಶ್ನೆಗಳನ್ನು ಹಾಗೇ ಕೇಳುತ್ತೇವೆ, ಯಾವ ಒಂದು ಸೂಚಕವನ್ನು ಮುಖ್ಯವೆಂದು ಹಿಡಿಯುತ್ತೇವೆ, ಎಷ್ಟು ಬದಲಾವಣೆ ಕಂಡರೆ ಅದನ್ನು ಬದಲಾವಣೆ ಎನ್ನುತ್ತೇವೆ ಎಂದೆಲ್ಲ ಅಲ್ಲಿ ಬರೆದಿರಬೇಕು. ಅದೇ ಮನೆಗಳಿಗೆ ಹೋಗುತ್ತೇವೋ ಹೊಸದಾಗಿ ಆರಿಸುತ್ತೇವೋ ಎಂಬುದನ್ನೂ ಹೇಳಬೇಕು. ಅದೇ ಮನೆಗಳಾದರೆ ಒಂದೊಂದು ಮನೆಯ ಬದಲಾವಣೆ ಸ್ಪಷ್ಟವಾಗಿ ಕಾಣುತ್ತದೆ, ಆದರೆ ಊರು ಬಿಟ್ಟು ದುಡಿಯಲು ಹೋದವರು ಕೈಬಿಟ್ಟು ಹೋಗುತ್ತಾರೆ. ಮಕ್ಕಳ ವಿಷಯದಲ್ಲಿ ಇನ್ನೊಂದು ತೊಡಕು: ಬೇಸ್‌ಲೈನ್‌ನಲ್ಲಿ ಎರಡು ವರ್ಷವಿದ್ದ ಮಗುವಿಗೆ ಮೂರು ವರ್ಷ ಬಿಟ್ಟು ಬಂದಾಗ ಐದು ತುಂಬಿರುತ್ತದೆ. ಮಗು ದೊಡ್ಡದಾದಂತೆ ಭೇದಿ ತಾನಾಗಿಯೇ ಕಡಿಮೆಯಾಗುತ್ತದೆ. ಹಳೆಯ ಮಕ್ಕಳನ್ನೇ ಅಳೆದು 'ಭೇದಿ ಇಳಿದಿದೆ' ಎನ್ನುವುದು ಮಕ್ಕಳ ವಯಸ್ಸನ್ನು ಯೋಜನೆಯ ಸಾಧನೆ ಎಂದು ಬರೆದಂತೆ. ಹೊಸದಾಗಿ ಹುಟ್ಟಿದ ಮಕ್ಕಳನ್ನು ಸೇರಿಸಿಕೊಂಡು ಅದೇ ವಯಸ್ಸಿನವರನ್ನು ಅದೇ ವಯಸ್ಸಿನವರ ಜೊತೆ ಹೋಲಿಸಬೇಕು.

ಪುರಿ ಹೇಳಿದ್ದು, ಹೇಳದೆ ಬಿಟ್ಟದ್ದು

ಪುರಿಯ ಫಲಿತಾಂಶ ಬಂದಾಗ 'ಶೌಚಾಲಯದಿಂದ ಆರೋಗ್ಯಕ್ಕೆ ಉಪಯೋಗವಿಲ್ಲ' ಎಂದು ಕೆಲವರು ಓದಿಕೊಂಡರು. ಅಧ್ಯಯನ ಹಾಗೆ ಹೇಳಲಿಲ್ಲ, ಹೇಳುವಂತೆಯೂ ಇರಲಿಲ್ಲ. ಅದು ಅಳೆದದ್ದು ಆಂದೋಲನ ನಡೆದ ರೀತಿಯನ್ನು, ಆ ಹಳ್ಳಿಗಳಲ್ಲಿ, ಆ ಅವಧಿಯಲ್ಲಿ. ಶೇ. 63 ಮನೆಗಳಿಗೆ ಶೌಚಾಲಯ ಬಂದರೂ ಉಳಿದ ಮೂರನೇ ಒಂದು ಭಾಗದವರು ಬಯಲಿಗೇ ಹೋಗುತ್ತಿದ್ದರು. ಕಟ್ಟಿಸಿಕೊಂಡವರ ಶೌಚಾಲಯಗಳಲ್ಲಿ ಬಹಳಷ್ಟು ಬಳಸುವ ಸ್ಥಿತಿಯಲ್ಲಿರಲಿಲ್ಲ, ಬಳಸುವಂತಿದ್ದ ಕಡೆಯೂ ಎಲ್ಲರೂ ಬಳಸುತ್ತಿರಲಿಲ್ಲ. ಸೋಂಕು ಹರಡಲು ಊರಿನಲ್ಲಿ ಕೆಲವರು ಬಯಲಿಗೆ ಹೋದರೂ ಸಾಕು. ಎಳೆಯ ಮಕ್ಕಳ ಮಲವನ್ನು ಎಲ್ಲಿ ಎಸೆಯುತ್ತಾರೆ, ಕೈ ತೊಳೆಯುತ್ತಾರೆಯೇ, ದನಕರುಗಳು ಎಲ್ಲಿವೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಇಷ್ಟನ್ನಾದರೂ ಹೇಳಲು ಸಾಧ್ಯವಾದದ್ದು ಪ್ರತಿ ಮೆಟ್ಟಿಲಿಗೂ ಸೂಚಕವಿದ್ದುದರಿಂದ. ಕೊಂಡಿ ಕಳಚಿದ್ದು ಕಟ್ಟುವಲ್ಲಿ ಅಲ್ಲ, ಬಳಕೆಯಲ್ಲಿ ಎಂದು ಗೊತ್ತಾದರೆ ಮುಂದಿನ ಯೋಜನೆಯ ದುಡ್ಡು ಎಲ್ಲಿಗೆ ಹೋಗಬೇಕೆಂಬುದೂ ಗೊತ್ತಾಗುತ್ತದೆ: ಇನ್ನಷ್ಟು ಬೇಸಿನ್ ಹಂಚುವುದಕ್ಕಲ್ಲ, ಮನೆಯ ಹಿಂದೆ ನೀರು ಬರುವಂತೆ ಮಾಡುವುದಕ್ಕೆ, ಗುಂಡಿ ತುಂಬಿದರೆ ಏನು ಮಾಡಬೇಕೆಂಬ ಭಯ ಕಳೆಯುವುದಕ್ಕೆ, ಬಿಟ್ಟುಹೋದ ಕೇರಿಯನ್ನು ಸೇರಿಸಿಕೊಳ್ಳುವುದಕ್ಕೆ.

ನಿಮ್ಮ ತಾಲೂಕಿನಲ್ಲಿ ಯಾವುದಾದರೂ ಯೋಜನೆಯ ಬೇಸ್‌ಲೈನ್ ವರದಿ ಕೈಗೆ ಸಿಕ್ಕಿದರೆ ಮುನ್ನುಡಿಯನ್ನೂ ಚಿತ್ರಗಳನ್ನೂ ದಾಟಿ ನಾಲ್ಕು ವಿಷಯ ಹುಡುಕಿ. ಮನೆಗಳು ಎಷ್ಟು ಊರುಗಳಿಂದ ಬಂದವು, ಹೇಗೆ ಆರಿಸಿದರು. ಪ್ರಶ್ನೆಯನ್ನು ಯಾವ ಮಾತಿನಲ್ಲಿ, ಯಾವ ತಿಂಗಳಲ್ಲಿ ಕೇಳಿದರು. ಯೋಜನೆ ಬಾರದ ಊರುಗಳನ್ನೂ ಅಳೆದಿದ್ದಾರೆಯೇ. ಮುಂದೆ ಯಾವ ಅಂಕಿಯನ್ನು ಯಾವುದರ ಜೊತೆ ಹೋಲಿಸುತ್ತೇವೆ ಎಂದು ಈಗಲೇ ಬರೆದಿದ್ದಾರೆಯೇ. ಇವುಗಳಲ್ಲಿ ಕೊನೆಯ ಎರಡು ಇಲ್ಲದಿದ್ದರೆ ಐದು ವರ್ಷದ ಮೇಲೆ ಬರುವ ಯಶಸ್ಸಿನ ವರದಿಯನ್ನು ನಂಬುವುದಕ್ಕೂ ಆಧಾರವಿರುವುದಿಲ್ಲ, ಅಲ್ಲಗಳೆಯುವುದಕ್ಕೂ ಇರುವುದಿಲ್ಲ.